ಆಯಿ ಕ್ಯಾಲ್ಸಿಯಂ ರಿಪೋರ್ಟ್ ಬಗ್ಗೆ, ಎಲ್ಲರೂ ಓದಿ

ಫೋನ್ ಮಾಡ್ದವ್ರೆಲ್ಲ ಒಂದೊಂದು ಹೇಳಿ ಆಯಿನ ಹೆದರಿಸ್ಬೇಡಿ, ನಾನು ಅವಳಿಗೆ ಹೇಳಿದ್ದು ಇಷ್ಟೇ. ಕುತ್ತಿಗೆಲಿ ಥೈರಾಯ್ಡ್ ಹಿಂದೆ ನಾಲ್ಕು ಸಣ್ಣ ಗ್ರಂಥಿ ಇರ್ತವೆ, ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿ ಆದ್ರೆ ಪಿಟಿಎಚ್ ಅನ್ನೋ ಹಾರ್ಮೋನ್ ಬಿಟ್ಟು ಮೂಳೆಯಿಂದ ಎಳೀತವೆ, ಸಾಕಾದ್ರೆ ಸುಮ್ನಾಗ್ಬೇಕು. ಆಯಿದು ಕ್ಯಾಲ್ಸಿಯಂ 11.1, ಮೇಲಿನ ಮಿತಿನೇ ಸುಮಾರು 10.5, ಆದ್ರೂ ಪಿಟಿಎಚ್ 98 ಇದೆ. ಟ್ಯಾಂಕ್ ತುಂಬಿ ಚೆಲ್ತಾ ಇದ್ರೂ ಪಂಪ್ ಬಂದಾಗಿಲ್ಲ ಅಂದಂಗೆ.

"ನಂಗೆ ಎಂತದೂ ನೋವಿಲ್ಲ ತಮಾ, ಮತ್ತೆಂತಕ್ಕೆ ಟೆಸ್ಟು?" ಅಂದ್ಲು. ನೋವಿಲ್ದೇನೇ ಮೂಳೆ ಸವೀತದೆ, ಕಿಡ್ನಿಲಿ ಕಲ್ಲಾಗ್ತದೆ ಆಯಿ ಅಂದೆ, ಆಮೇಲೆ ಒಪ್ಪಿದ್ಲು.

ಸೋಮವಾರ ಶಿರಸಿಲಿ ಮತ್ತೆ ರಕ್ತ ಕೊಡೋದು, ಕ್ಯಾಲ್ಸಿಯಂ ಜೊತೆ ಅಲ್ಬುಮಿನ್, ವಿಟಮಿನ್ ಡಿ, ಕ್ರಿಯೇಟಿನಿನ್, ಆಮೇಲೆ 24 ಗಂಟೆ ಮೂತ್ರನೂ ಕ್ಯಾನಲ್ಲಿ ಹಿಡೀಬೇಕು. ಕರ್ಕೊಂಡು ಹೋಗೋರು ಮಾತ್ರೆ ಪಟ್ಟಿ ಎಲ್ಲಾ ತಗೊಂಡ್ಹೋಗಿ, ಬಿಪಿ ಮಾತ್ರೆಲಿ ಹೈಡ್ರೋಕ್ಲೋರೋಥಯಾಜೈಡ್ ಇದ್ರೆ ಅದೂ ಕ್ಯಾಲ್ಸಿಯಂ ಏರಿಸ್ತದೆ, ಹಾಗಂತ ನೀವೇ ನಿಲ್ಲಿಸ್ಬೇಡಿ. ಅತ್ತೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆ ಡಾಕ್ಟ್ರನ್ನ ಕೇಳೋತನಕ ಬೇಡ, ಹಾಲು ಮಜ್ಜಿಗೆ ಯಾವತ್ತಿನಂಗೆ ಇರ್ಲಿ, ನೀರು ಚೆನ್ನಾಗಿ ಕುಡೀಲಿ. ವಾಂತಿ, ಮಂಪರು, ಮಾತು ತಪ್ಪೋದು ಕಂಡ್ರೆ ಸೋಮವಾರಕ್ಕೆ ಕಾಯದೆ ಆವತ್ತೇ ಆಸ್ಪತ್ರೆಗೆ ಹೋಗಿ.