ಮಣ್ಣಿನ ವರದಿಯಲ್ಲಿ ಇನ್ನು ಮುಂದೆ ‘ಅನ್ವಯಿಸುವುದಿಲ್ಲ’ ಎಂಬ ಫಲಿತಾಂಶವೂ ಇರುತ್ತದೆ

ಮಾನ್ಯ ಸದಸ್ಯರಿಗೂ ಗ್ರಾಹಕ ಬಾಂಧವರಿಗೂ ಗದಗಿನ ನಮ್ಮ ಸಹಕಾರಿ ಮಣ್ಣು ಪರೀಕ್ಷಾ ಘಟಕದಿಂದ ನಮಸ್ಕಾರಗಳು.

ಸಾವಯವ ಇಂಗಾಲದ ವರದಿಯಲ್ಲಿ ಇದುವರೆಗೆ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರರಲ್ಲಿ ಒಂದು ಮಾತು ಇರುತ್ತಿತ್ತು. ಜೂನ್ 1ರಿಂದ ನಾಲ್ಕನೆಯದೊಂದು ಸೇರುತ್ತದೆ: ‘ಅನ್ವಯಿಸುವುದಿಲ್ಲ’. ಚೀಲದಲ್ಲಿ ಬಂದಿರುವುದು ಹೊಲದ ಮಣ್ಣೇ ಅಲ್ಲದಿದ್ದರೆ ಈ ಫಲಿತಾಂಶ ಕೊಡುತ್ತೇವೆ.

ಮೂರು ವರ್ಗಗಳ ಗಡಿ ನಿಮಗೆ ಗೊತ್ತೇ ಇದೆ. ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದರ ಮೇಲೆ ಹೆಚ್ಚು. ಇವನ್ನು ಗೊತ್ತುಮಾಡಿರುವುದು ಬೆಳೆ ನಿಂತ ಹೊಲದ ಮೇಲ್ಪದರದ ಮಣ್ಣಿಗೆ. ಎರೆಹುಳು ಗೊಬ್ಬರ, ತಿಪ್ಪೆಗೊಬ್ಬರ, ಪಾಲಿಹೌಸಿನ ತೆಂಗಿನ ನಾರಿನ ಪುಡಿ, ನರ್ಸರಿ ತಟ್ಟೆಯ ಮಿಶ್ರಣ, ಇವುಗಳಿಗೆ ಈ ಗಡಿಗಳು ಏನನ್ನೂ ಹೇಳುವುದಿಲ್ಲ.

ಎರೆಹುಳು ಗೊಬ್ಬರ ಹೊಲದ ಮಣ್ಣಿನ ಚೀಟಿ ಹಚ್ಚಿಕೊಂಡು ಬಂದಿತು ಎಂದುಕೊಳ್ಳಿ. ಪರೀಕ್ಷೆಯಲ್ಲಿ 1 ಗ್ರಾಂ ಮಾದರಿಗೆ 1 ನಾರ್ಮಲ್ ಪೊಟ್ಯಾಶಿಯಂ ಡೈಕ್ರೋಮೇಟ್ 10 ಮಿ.ಲೀ., ಗಟ್ಟಿ ಸಲ್ಫ್ಯೂರಿಕ್ ಆಮ್ಲ 20 ಮಿ.ಲೀ. ಹಾಕುತ್ತೇವೆ. ಇಂಗಾಲ ಉರಿದಷ್ಟು ಡೈಕ್ರೋಮೇಟ್ ಖರ್ಚಾಗುತ್ತದೆ, ಉಳಿದದ್ದನ್ನು ಅಳೆದು ಲೆಕ್ಕ ತೆಗೆಯುತ್ತೇವೆ. ನಮ್ಮ ಭಾಗದ ಎರಿ ಮಣ್ಣಾದರೆ ದ್ರಾವಣದ ಕಿತ್ತಳೆ ಬಣ್ಣ ಸಾಕಷ್ಟು ಉಳಿಯುತ್ತದೆ. ಗೊಬ್ಬರವಾದರೆ ಪೂರ್ತಿ ಹಸಿರಾಗುತ್ತದೆ. ಡೈಕ್ರೋಮೇಟ್ ಮುಗಿದು ಹೋಯಿತು, ಇಂಗಾಲ ಇನ್ನೂ ಉಳಿದಿದೆ ಎಂದು ಇದರ ಅರ್ಥ. ಆ 10 ಮಿ.ಲೀ. ಉರಿಸಬಲ್ಲದ್ದು ಹೆಚ್ಚೆಂದರೆ 0.03 ಗ್ರಾಂ ಇಂಗಾಲ, ಅಂದರೆ ಶೇ. 3. ಈ ವಿಧಾನದಲ್ಲಿ ಸುಮಾರು ಮುಕ್ಕಾಲು ಭಾಗ ಇಂಗಾಲ ಮಾತ್ರ ಉರಿಯುವುದರಿಂದ 1.3ರಿಂದ ಗುಣಿಸಿದರೂ 3.9 ದಾಟದು. ಗೊಬ್ಬರದಲ್ಲಿ ಶೇ. 18 ಇದ್ದರೂ ಕಾಗದದ ಮೇಲೆ 3.9 ಬರುತ್ತದೆ, ಅದರ ಮುಂದೆ ‘ಹೆಚ್ಚು’ ಎಂದೂ ಬರುತ್ತದೆ. ಅದು ಮಾದರಿಯ ಅಳತೆಯಲ್ಲ, ನಮ್ಮ ಫ್ಲಾಸ್ಕಿನ ಮಿತಿ.

ಪೆಟ್ಟು ಬೀಳುವುದು ಇಲ್ಲಿಂದ ಮುಂದೆ. ‘ಹೆಚ್ಚು’ ಎಂದು ಬಂದರೆ ಸಾರಜನಕದಲ್ಲಿ ಕಾಲು ಭಾಗ ಇಳಿಸುವುದು ವಾಡಿಕೆ. ಗೋವಿನಜೋಳಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕ ಕೊಡಬೇಕಿದ್ದವರು 75ಕ್ಕೆ ನಿಲ್ಲಿಸುತ್ತಾರೆ. ಕಡಿತವಾದ 25 ಕಿಲೋ ಎಂದರೆ ಸುಮಾರು 54 ಕಿಲೋ ಯೂರಿಯಾ, 45 ಕಿಲೋದ ಒಂದು ಚೀಲಕ್ಕಿಂತ ಹೆಚ್ಚು. ಆ ಹೊಲದ ನಿಜವಾದ ಇಂಗಾಲ 0.4 ಇದ್ದರೆ ಬೆಳೆ ಹಳದಿಗೆ ತಿರುಗುತ್ತದೆ, ವರದಿ ಮಾತ್ರ ಎಲ್ಲ ಚೆನ್ನಾಗಿದೆ ಎನ್ನುತ್ತಿರುತ್ತದೆ.

ನಿರ್ಧಾರ ಎರಡು ಹಂತದಲ್ಲಿ ಆಗುತ್ತದೆ. ಮೊದಲು 2 ಮಿ.ಮೀ. ಜರಡಿ ಹಿಡಿಯುವಾಗ ನೋಡುತ್ತೇವೆ: ನಾರು, ಸಿಪ್ಪೆ, ಸಗಣಿಯ ಉಂಡೆಗಳೇ ತುಂಬಿದ್ದರೆ, ಚೀಲ ಗಾತ್ರಕ್ಕೆ ತಕ್ಕ ಭಾರವಿಲ್ಲದಿದ್ದರೆ, ನಿಮಗೆ ಫೋನ್ ಮಾಡಿ ಕೇಳುತ್ತೇವೆ. ಅದು ದಾಟಿ ಹೋದರೂ ದ್ರಾವಣ ಹಸಿರಾದರೆ, 0.25 ಗ್ರಾಂ ಮಾತ್ರ ತೆಗೆದುಕೊಂಡು ಮತ್ತೆ ಮಾಡುತ್ತೇವೆ. ಆಗಲೂ ಹಸಿರೇ ಆದರೆ ‘ಅನ್ವಯಿಸುವುದಿಲ್ಲ’. ಕಿತ್ತಳೆ ಉಳಿದು, ಜರಡಿಯಲ್ಲೂ ಮಣ್ಣೇ ಕಂಡಿದ್ದರೆ ಅದು ಗೊಬ್ಬರ ಚೆನ್ನಾಗಿ ಬಿದ್ದ ಹೊಲದ ಮಣ್ಣು, ‘ಹೆಚ್ಚು’ ಎಂದೇ ಬರೆಯುತ್ತೇವೆ.

ಒಂದು ವಿಷಯದಲ್ಲಿ ನಾವು ಬಿಗಿಯಾಗಿರುತ್ತೇವೆ. ಕೆಟ್ಟ ಮಣ್ಣಿಗೆ ಈ ಫಲಿತಾಂಶ ಸಿಗುವುದಿಲ್ಲ. ರಸಸಾರ 9 ಇರುವ ಸವಳು ನೆಲವೂ ಹೊಲವೇ, ಅದಕ್ಕೆ ವರ್ಗ ಕೊಟ್ಟೇ ಕೊಡುತ್ತೇವೆ. ಮಣ್ಣು ಅರ್ಧ ಕಿಲೋಕ್ಕಿಂತ ಕಡಿಮೆ ಬಂದು ಪರೀಕ್ಷೆ ಪೂರ್ಣವಾಗದಿದ್ದರೆ ‘ಮಾದರಿ ಸಾಲದು’ ಎಂಬ ಬೇರೆ ಮಾತಿದೆ. ತಿಪ್ಪೆ ಇದ್ದ ಜಾಗದಲ್ಲೋ, ಬದುವಿನ ಮೇಲೋ, ಗಿಡದ ಬುಡದಲ್ಲೋ ತೆಗೆದ ಮಣ್ಣನ್ನು ನಾವು ಇಲ್ಲಿ ಕುಳಿತು ಗುರುತಿಸಲಾರೆವು. ಅದು ಮಣ್ಣೇ ಆದ್ದರಿಂದ ವರ್ಗ ಬಂದೇ ಬರುತ್ತದೆ, ಆದರೆ ನಿಮ್ಮ ಹೊಲದ್ದಲ್ಲ. ಅಂಥ ಜಾಗ ಬಿಟ್ಟು 10ರಿಂದ 15 ಕಡೆ, 15 ಸೆಂ.ಮೀ. ಆಳದವರೆಗೆ ತೆಗೆದು, ಕೂಡಿಸಿ, ನಾಲ್ಕು ಪಾಲು ಮಾಡುತ್ತಾ ಅರ್ಧ ಕಿಲೋಗೆ ಇಳಿಸಿ ಕಳಿಸಿ.

ಕಂಪ್ಯೂಟರ್ ಫೈಲಿನಲ್ಲಿ ವರದಿ ಪಡೆಯುವ ರೈತ ಉತ್ಪಾದಕ ಕಂಪನಿಗಳವರು ಗಮನಿಸಿ. `status` ಅಂಕಣದಲ್ಲಿ ಇನ್ನು `NOT_APPLICABLE` ಕಾಣಬಹುದು, ಆ ಸಾಲಿನ `oc_percent` ಖಾಲಿ ಇರುತ್ತದೆ. ಅಲ್ಲಿ ಸೊನ್ನೆ ತುಂಬಬೇಡಿ, ಊರಿನ ಸರಾಸರಿ ಸುಮ್ಮನೆ ಕುಸಿಯುತ್ತದೆ. 40 ಮಾದರಿಗಳಲ್ಲಿ 3 ಹೀಗೆ ಬಂದರೆ, ‘ಕಡಿಮೆ ಎಷ್ಟು ಪಾಲು’ ಎಂಬ ಲೆಕ್ಕವನ್ನು 37ರ ಮೇಲೆ ಮಾಡಿ, 3ನ್ನು ಬೇರೆಯಾಗಿ ತೋರಿಸಿ.

ಜರಡಿಯ ಹಂತದಲ್ಲೇ ನಿಲ್ಲಿಸಿದ ಮಾದರಿಯ ಶುಲ್ಕ ನಿಮ್ಮ ಮುಂದಿನ ಮಾದರಿಗೆ ಜಮಾ ಆಗುತ್ತದೆ. ರಾಸಾಯನಿಕ ಬಳಸಿದ ಮೇಲೆ ಗೊತ್ತಾದರೆ ಅರ್ಧ ಜಮಾ. ಗೊಬ್ಬರವನ್ನೇ ಪರೀಕ್ಷಿಸಬೇಕಿದ್ದವರು ಚೀಟಿಯಲ್ಲಿ ‘ಗೊಬ್ಬರ’ ಎಂದು ಬರೆದರೆ ಸಾಕು, ಅದರ ಮಾನದಂಡ ಬೇರೆ, ವಿಧಾನವೂ ಬೇರೆ.

ಇಂತಿ,
ಪರೀಕ್ಷಾ ವಿಭಾಗ