ಶನಿವಾರದ ಉಪನ್ಯಾಸಕ್ಕೆ ಪ್ರಶ್ನೆ ಕಳಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನೆನಪು ಗಟ್ಟಿಯಾಗುವ ಬಗೆ ಕುರಿತ ನರವಿಜ್ಞಾನ ಉಪನ್ಯಾಸ ಶನಿವಾರ ಸಂಜೆ 6ಕ್ಕೆ. ಪ್ರಶ್ನೆಗಳನ್ನು ಗುರುವಾರ ರಾತ್ರಿಯೊಳಗೆ ಇಲ್ಲೇ ಹಾಕಿ.

ಈವರೆಗೆ ಬಂದವುಗಳಲ್ಲಿ ಹೆಚ್ಚಿನವು ಒಂದೇ: "ಮಲಗಿದಾಗ ಆಡಿಯೋ ಹಾಕಿದರೆ ಪಾಠ ತಲೆಗೆ ಹತ್ತುತ್ತದೆಯೇ?" ಇದನ್ನು ಮತ್ತೆ ಕೇಳಬೇಕಿಲ್ಲ. 1956ರಲ್ಲೇ ಸೈಮನ್ ಮತ್ತು ಎಮನ್ಸ್ ಎಂಬ ಸಂಶೋಧಕರು ಮೆದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಇಟ್ಟು ನೋಡಿದ್ದರು. ನಿಜಕ್ಕೂ ನಿದ್ದೆಯಲ್ಲಿದ್ದಾಗ ಕೇಳಿಸಿದ ಮಾಹಿತಿ ಯಾರಿಗೂ ನೆನಪಿರಲಿಲ್ಲ.

ಗೊಂದಲ ಹುಟ್ಟುವುದು 2007ರ ಗುಲಾಬಿ ಪ್ರಯೋಗದಿಂದ. ಗುಲಾಬಿ ವಾಸನೆಯ ನಡುವೆ ಜೋಡಿ ಕಾರ್ಡುಗಳ ಜಾಗ ಕಲಿತವರಿಗೆ ಗಾಢನಿದ್ದೆಯಲ್ಲಿ ಅದೇ ವಾಸನೆ ಕೊಟ್ಟರು. ಎದ್ದಮೇಲೆ ಜಾಗಗಳು ಹೆಚ್ಚು ನೆನಪಿದ್ದವು. ಆದರೆ ಕಲಿಯುವಾಗ ವಾಸನೆ ಇಲ್ಲದಿದ್ದರೆ ಆ ಲಾಭವೂ ಇಲ್ಲ. ಅಂದರೆ ಎಚ್ಚರದಲ್ಲಿ ಕಲಿತದ್ದೇ ನಿದ್ದೆಯಲ್ಲಿ ಗಟ್ಟಿಯಾಯಿತು, ಹೊಸದೇನೂ ಒಳಹೋಗಲಿಲ್ಲ. (ಇದನ್ನೇ ತೋರಿಸಿ ಆಡಿಯೋ ಮಾರುವವರಿದ್ದಾರೆ!)

ಹಾಗಾಗಿ ಪ್ರಶ್ನೆ ಹೀಗಿರಲಿ: "ಕನಸಿನ ನಿದ್ದೆಯಲ್ಲಿ ಅದೇ ವಾಸನೆ ಯಾಕೆ ಫಲ ಕೊಡಲಿಲ್ಲ?" ನೀವು ಎಲ್ಲೋ ಓದಿದ ಮಾತಾದರೆ, ಪ್ರಯೋಗ ಇಲಿಗಳ ಮೇಲೋ ಮನುಷ್ಯರ ಮೇಲೋ, ಕಲಿಕೆ ನಿದ್ದೆಗೆ ಮುಂಚೆ ನಡೆದಿತ್ತೋ ಎಂದು ಜೊತೆಗೆ ಬರೆಯಿರಿ. ಒಬ್ಬರಿಗೆ ಒಂದೇ ಪ್ರಶ್ನೆ. ಬರುವವರು ದಯವಿಟ್ಟು "ಬರುವೆ" ಎಂದು ತಿಳಿಸಿ.