ಓದದ ಅಪ್ಪನ ಓದಿನ ಸರ್ಟಿಫಿಕೇಟ್ ಎಲ್ಲಿಂದ ತರಬೇಕು, ಸಚಿವರೇ?

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಉಪನ್ಯಾಸಕ. ಸಿಇಟಿ ಅರ್ಜಿ ಶುರುವಾದರೆ ನಮ್ಮ ಸ್ಟಾಫ್ ರೂಮು ಅರ್ಧ ಸೈಬರ್ ಸೆಂಟರ್ ಆಗಿಬಿಡುತ್ತದೆ. ಮಕ್ಕಳ ಜೊತೆ ಕೂತು ಅರ್ಜಿ ತುಂಬಿಸುವಾಗ ಒಂದು ಕಡೆ ಬಂದು ನಿಂತುಬಿಡುತ್ತೇವೆ. ಆ ಜಾಗದ ಬಗ್ಗೆಯೇ ಈ ಪತ್ರ.

ಸರ್ಕಾರಿ ಸೀಟು ಕೇಳುವವರು ತಾವು ಕರ್ನಾಟಕದವರೆಂದು ತೋರಿಸಬೇಕು. ಇದಕ್ಕೆ ಅರ್ಜಿಯಲ್ಲಿ ‘ಅರ್ಹತಾ ಕಂಡಿಕೆ’ ಅಂತ ಒಂದು ಜಾಗ ಇದೆ. ಹೆಚ್ಚಿನವರು ಆರಿಸುವುದು ‘ಎ’ ಕಂಡಿಕೆ. ಒಂದನೇ ತರಗತಿಯಿಂದ ಎರಡನೇ ಪಿಯುವರೆಗಿನ 12 ವರ್ಷದಲ್ಲಿ ಕನಿಷ್ಠ 7 ವರ್ಷ ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರಬೇಕು. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಹುಟ್ಟಿದ ಊರು, ಮನೆ, ರೇಷನ್ ಕಾರ್ಡು, ವೋಟರ್ ಲಿಸ್ಟು ಯಾವುದೂ ಲೆಕ್ಕಕ್ಕಿಲ್ಲ. ಲೆಕ್ಕ ಶಾಲೆಯ ಹಾಜರಿ ಪುಸ್ತಕದ್ದು. ಮುಖ್ಯೋಪಾಧ್ಯಾಯರು ವ್ಯಾಸಂಗ ಪ್ರಮಾಣಪತ್ರ ಕೊಡಬೇಕು, ಅದಕ್ಕೆ ಬಿಇಒ ಮೇಲುಸಹಿ ಬೀಳಬೇಕು. ಒಂದೇ ತರಗತಿಯಲ್ಲಿ ಎರಡು ವರ್ಷ ಕೂತರೂ ಅದು ಒಂದೇ ವರ್ಷ ಅಂತ ಎಣಿಕೆ.

ಈ ನಿಯಮವನ್ನು ನಾನು ದೂರುತ್ತಿಲ್ಲ. ಬೇರೆ ರಾಜ್ಯದವರು ಬೆಂಗಳೂರಿಗೆ ಬಂದು ಕೋಚಿಂಗ್ ಜೊತೆ ಎರಡು ವರ್ಷ ಪಿಯು ಮುಗಿಸಿ ನಮ್ಮ ಮಕ್ಕಳ ಸೀಟು ತೆಗೆದುಕೊಂಡು ಹೋಗಬಾರದಲ್ವಾ? ರೇಷನ್ ಕಾರ್ಡು ಹೇಗಾದರೂ ಮಾಡಿಸಬಹುದು, ಏಳು ವರ್ಷದ ಶಾಲೆಯನ್ನು ಮಾಡಿಸುವುದು ಕಷ್ಟ. ಅಷ್ಟರ ಮಟ್ಟಿಗೆ ನಿಯಮ ಸರಿಯಾಗಿಯೇ ಇದೆ.

ಆದರೆ ನಮ್ಮ ಕಡೆ ಗುಳೆ ಹೋಗುವುದು ಅಂತ ಒಂದಿದೆ. ಮಳೆ ಕೈಕೊಟ್ಟರೆ, ಸಾಲ ಏರಿದರೆ, ಮನೆಮಂದಿಯೆಲ್ಲ ಪುಣೆ, ಮುಂಬೈ, ಗೋವಾ ಕಡೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಮಕ್ಕಳೂ ಜೊತೆಗೆ. ನಮ್ಮ ಒಬ್ಬ ವಿದ್ಯಾರ್ಥಿನಿಯ ಲೆಕ್ಕ ನೋಡಿ. ಹುಟ್ಟಿದ್ದು ಇದೇ ಜಿಲ್ಲೆಯ ತಾಂಡಾದಲ್ಲಿ. ಒಂದರಿಂದ ಆರರವರೆಗೆ ಪುಣೆಯ ಮರಾಠಿ ಶಾಲೆ. ಆಮೇಲೆ ಅಜ್ಜಿ ಮನೆಗೆ ಬಂದು ಏಳನೇ ತರಗತಿಗೆ ಸೇರಿದಳು. ಏಳು, ಎಂಟು, ಒಂಬತ್ತು, ಹತ್ತು, ಮೊದಲ ಪಿಯು, ಎರಡನೇ ಪಿಯು. ಆರೇ ವರ್ಷ. ಎಸ್ಸೆಸ್ಸೆಲ್ಸಿಯನ್ನು ಕನ್ನಡ ಮಾಧ್ಯಮದಲ್ಲಿ ಬರೆದು ಪಾಸಾದವಳು ಒಂದೇ ವರ್ಷ ಕಡಿಮೆಯಾಗಿ ಹೊರಗೆ ಬಿದ್ದಳು.

ಸರಿ, ಇನ್ನೊಂದು ಕಂಡಿಕೆ ಇದೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ. ವಿದ್ಯಾರ್ಥಿ ಎರಡು ವರ್ಷದ ಪಿಯುವನ್ನು ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ಅಪ್ಪ ಅಮ್ಮರಲ್ಲಿ ಒಬ್ಬರು ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿದ್ದರೆ ಸಾಕು. ಪುರಾವೆ ಏನು? ಅವರು ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ. ಈ ಹುಡುಗಿಯ ಅಪ್ಪ ಶಾಲೆಯ ಮೆಟ್ಟಿಲು ಹತ್ತಿಲ್ಲ. ಅಮ್ಮ ನಾಲ್ಕನೇ ತರಗತಿಗೆ ಬಿಟ್ಟವರು. ಇಬ್ಬರೂ ಇಲ್ಲೇ ಹುಟ್ಟಿದವರು, ಇಬ್ಬರ ವೋಟೂ ಇಲ್ಲೇ.

ಈಗ ಇವಳ ಪಕ್ಕದಲ್ಲಿ ಇನ್ನೊಬ್ಬ ಹುಡುಗನನ್ನು ಕೂರಿಸಿ ನೋಡಿ. ಅವನಪ್ಪ ಶಾಲೆಯಿಂದ ಡಿಗ್ರಿವರೆಗೆ ಧಾರವಾಡದಲ್ಲೇ ಓದಿ ಈಗ ಮುಂಬೈಯಲ್ಲಿ ಬ್ಯಾಂಕ್ ಮ್ಯಾನೇಜರ್. ಹುಡುಗ ಒಂದರಿಂದ ಹತ್ತರವರೆಗೆ ಮುಂಬೈಯಲ್ಲೇ ಓದಿದ. ಪಿಯುಗೆ ಮಾತ್ರ ಹುಬ್ಬಳ್ಳಿಗೆ ಬಂದ. ಕರ್ನಾಟಕದಲ್ಲಿ ಓದಿದ್ದು ಎರಡು ವರ್ಷ. ಅವನಿಗೆ ಸರ್ಕಾರಿ ಸೀಟಿನ ಅರ್ಹತೆ ಸಿಗುತ್ತದೆ. ಸಿಗಲಿ, ಅವನೂ ಕನ್ನಡಿಗನೇ. ಆದರೆ ಎರಡು ವರ್ಷ ಓದಿದವನು ಒಳಗೆ, ಆರು ವರ್ಷ ಓದಿದವಳು ಹೊರಗೆ. ಇಬ್ಬರ ನಡುವೆ ಇರುವ ಫರಕು ಅಪ್ಪನ ಓದು ಒಂದೇ. ಸ್ಥಳೀಯತೆ ಅಳೆಯೋಕೆ ಹೊರಟ ಕಂಡಿಕೆ ಕೊನೆಗೆ ಅಕ್ಷರ ಅಳೆಯುತ್ತಿದೆ.

ಇನ್ನೂ ಒಂದು ತಮಾಷೆ ಕೇಳಿ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಅಲ್ಲಿ ಹುಟ್ಟು, ವಾಸ, ತಂದೆತಾಯಿಯ ಮೂಲ ನೋಡುತ್ತಾರೆ. ಆ ಪ್ರಮಾಣಪತ್ರ ಇವಳ ಹತ್ತಿರ ಇದೆ. ಈ ಭಾಗದ ಕಾಲೇಜುಗಳಲ್ಲಿ 70 ಶೇಕಡಾ, ಉಳಿದ ಕಡೆ 8 ಶೇಕಡಾ ಸೀಟು ಇಂಥವರಿಗೇ ಅಂತ ಮೀಸಲಿಟ್ಟಿದ್ದೇವೆ. ಹಾಗಾದರೆ ಕಂದಾಯ ಇಲಾಖೆಯ ಕಾಗದದ ಪ್ರಕಾರ ಅವಳು ಇಲ್ಲಿಯವಳು. ಸಿಇಟಿ ಅರ್ಜಿಯ ಪ್ರಕಾರ ಕರ್ನಾಟಕದವಳೇ ಅಲ್ಲ. ಮೊದಲನೇ ಬಾಗಿಲೇ ತೆರೆಯದಿದ್ದರೆ ಒಳಗಿನ ಮೀಸಲಾತಿ ಯಾವುದೂ ಕೈಗೆ ಸಿಗುವುದಿಲ್ಲ. ಆ ಮೀಸಲು ಸೀಟುಗಳೆಲ್ಲ ಸರ್ಕಾರಿ ಕೋಟಾದ ಒಳಗಿನ ಹಂಚಿಕೆ ತಾನೆ.

ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು. ಕೆಲವು ಊರುಗಳಲ್ಲಿ ಗುಳೆ ಹೋದ ಮಗುವಿನ ಹೆಸರನ್ನು ಮೇಷ್ಟ್ರು ತೆಗೆಯುವುದಿಲ್ಲ. ಹೆಸರು ಹೋದರೆ ಮಗು ಮತ್ತೆ ಶಾಲೆಗೆ ಬರುವುದಿಲ್ಲ ಎಂಬ ಕಾಳಜಿಯೂ ಇರುತ್ತದೆ, ದಾಖಲಾತಿ ಉಳಿಸಿಕೊಳ್ಳುವ ಅನಿವಾರ್ಯವೂ ಇರುತ್ತದೆ. ಆ ಮಗುವಿಗೆ ಮುಂದೆ ಏಳು ವರ್ಷ ಸಲೀಸಾಗಿ ಸಿಗುತ್ತದೆ. ಪುಣೆಯಲ್ಲಿ ನಿಜವಾಗಿ ಶಾಲೆಗೆ ಹೋದ ಮಗುವಿಗೆ ಸಿಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ತಡವಾಗಿ ವಾಪಸ್ ಬಂದ ಮಗುವಿಗೆ ಇಲ್ಲಿನ ವರ್ಷ ಕೂಡಿಸಿಕೊಳ್ಳಲು ದಾರಿಯೇ ಉಳಿಯುವುದಿಲ್ಲ.

ನಾನು ಕೇಳುವುದು ಸಣ್ಣ ತಿದ್ದುಪಡಿ. ಏಳು ವರ್ಷದ ನಿಯಮ ಹಾಗೇ ಇರಲಿ. ತಂದೆತಾಯಿಯ ಓದು ಕೇಳುವ ಕಂಡಿಕೆಗೆ ಒಂದು ಸಾಲು ಸೇರಿಸಿ. ತಂದೆತಾಯಿ ಇಬ್ಬರೂ ಏಳು ವರ್ಷ ಶಾಲೆ ಓದಿಲ್ಲದಿದ್ದರೆ, ಅವರು ಕರ್ನಾಟಕದವರೆಂದು ತಹಶೀಲ್ದಾರರು ಕೊಡುವ ವಾಸಸ್ಥಳ ಪ್ರಮಾಣಪತ್ರ ಅಥವಾ ಸಹಾಯಕ ಆಯುಕ್ತರ 371(ಜೆ) ಪ್ರಮಾಣಪತ್ರವನ್ನು ಒಪ್ಪಿಕೊಳ್ಳಿ. ದುರುಪಯೋಗದ ಭಯವಿದ್ದರೆ ಷರತ್ತು ಬಿಗಿ ಮಾಡಿ. ವಿದ್ಯಾರ್ಥಿ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಇಲ್ಲೇ ಪಾಸು ಮಾಡಿರಬೇಕು ಎನ್ನಿ. ಬರೀ ಎರಡು ವರ್ಷಕ್ಕೆ ಬಂದವರು ಅಲ್ಲೇ ಸೋಸಿಹೋಗುತ್ತಾರೆ. ಸಾಲದಿದ್ದರೆ ಕನ್ನಡ ಪರೀಕ್ಷೆ ಇಡಿ. ಗಡಿನಾಡು, ಹೊರನಾಡು ಕನ್ನಡಿಗ ಮಕ್ಕಳಿಗೆ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಅದನ್ನು ಹೇಗೂ ನಡೆಸುತ್ತಿದೆ. ನಮ್ಮ ಹುಡುಗಿಗೆ ಅದರ ಭಯವಿಲ್ಲ.

ಇದು ಪ್ರಾಧಿಕಾರದ ಕೌಂಟರಿನಲ್ಲಿ ಬಗೆಹರಿಯುವ ವಿಷಯವಲ್ಲ. ಅಲ್ಲಿ ಕೂತವರು ನಿಯಮ ಓದಿ ಕೈ ಚೆಲ್ಲುತ್ತಾರೆ, ಅವರ ತಪ್ಪೂ ಅಲ್ಲ. ಕಂಡಿಕೆಗಳು ಇರುವುದು 2006ರ ಸೀಟು ಹಂಚಿಕೆ ನಿಯಮಗಳಲ್ಲಿ. ಅದನ್ನು ತಿದ್ದಬೇಕಾದವರು ಸರ್ಕಾರ. ಸಿಇಟಿ ಅಧಿಸೂಚನೆ ಹೊರಬಿದ್ದ ಮೇಲೆ ಏನು ಮಾಡಿದರೂ ‘ಈ ಸಲಕ್ಕೆ ಆಗಲ್ಲ’ ಎನ್ನುವ ಉತ್ತರ ಬರುತ್ತದೆ. ಹಾಗಾಗಿ ಮುಂದಿನ ವರ್ಷದ ಅರ್ಜಿ ತೆರೆಯುವ ಮುಂಚೆಯೇ ತಿದ್ದುಪಡಿ ರಾಜ್ಯಪತ್ರದಲ್ಲಿ ಬರಬೇಕು. ಕಡತ ಈಗಲೇ ಹೊರಡಿಸಿ.

ಇಂತಿ,
ಒಬ್ಬ ಪಿಯು ಉಪನ್ಯಾಸಕ
ಯಾದಗಿರಿ ಜಿಲ್ಲೆ